ಮಳೆಗಾಲಕ್ಕೆ ಮುಂಚಿನ ಕಾರ್ ಚೆಕಪ್ ಶಿಬಿರ: ಯಾವುದು ಫ್ರೀ, ಯಾವುದಕ್ಕೆ ದುಡ್ಡು ಅಂತ ಬರೆದಿದ್ದೇನೆ, ಓದಿ ತಪ್ಪಿದ್ದರೆ ಹೇಳಿ

ಸ್ಪಾನರ್ ಅಣ್ಣ

ನಮಸ್ಕಾರ. ನನ್ನದು ಸಣ್ಣ ಗ್ಯಾರೇಜ್. ಎರಡು ಲಿಫ್ಟ್, ಮೂರು ಜನ ಹುಡುಗರು, ಜೊತೆಗೆ ನಾನು. ಮಳೆ ಹಿಡಿಯುವ ಮುಂಚೆ ಆರು ದಿನ ಚೆಕಪ್ ಶಿಬಿರ ಇಟ್ಟುಕೊಂಡಿದ್ದೇವೆ. ಗೇಟಿಗೆ ಅಂಟಿಸುವುದಕ್ಕೆ, ಮೊಬೈಲ್‌ನಲ್ಲಿ ಕಳಿಸುವುದಕ್ಕೆ ಒಂದು ಪ್ರಕಟಣೆ ಬರೆದಿದ್ದೇನೆ. ಫ್ರೀ ಅಂತ ಓದಿ ಬಂದವರು ಬಿಲ್ ಹಿಡಿದು ಬೇಜಾರಲ್ಲಿ ಹೋಗಬಾರದು, ನನಗೆ ಅದೊಂದೇ ಚಿಂತೆ. ಗಿರಾಕಿಯ ಕಣ್ಣಲ್ಲಿ ಓದಿ, ಎಲ್ಲಿ ಅನುಮಾನ ಬರುತ್ತದೆ ಹೇಳಿ.

"ಮಳೆಗಾಲದ ಕಾರ್ ಚೆಕಪ್. ದಿನಕ್ಕೆ ಎಂಟೇ ಕಾರು, ಮೊದಲೇ ಫೋನ್ ಮಾಡಿ ಸಮಯ ಹೇಳಿಸಿಕೊಳ್ಳಿ. ಒಂದು ಕಾರಿಗೆ ಒಂದೂವರೆ ಗಂಟೆ ಬೇಕು.

ನಾವು ನೋಡುವುದು: ನಾಲ್ಕೂ ಚಕ್ರ ಬಿಚ್ಚಿ ಬ್ರೇಕ್, ಟೈರ್ ಗ್ರೂವ್ ಆಳ, ವೈಪರ್ ಮತ್ತು ವಾಷರ್, ಎಲ್ಲ ಲೈಟು, ಬ್ಯಾಟರಿ, ಎಸಿ, ನೀರು ಹರಿದು ಹೋಗುವ ದಾರಿಗಳು. ನೋಡುವುದಕ್ಕೆ ದುಡ್ಡಿಲ್ಲ.

ದುಡ್ಡಿಲ್ಲದೆ ಮಾಡಿಕೊಡುವುದು: ಟೈರಿಗೆ ಗಾಳಿ, ವಾಷರ್ ನೀರು, ಬ್ಯಾಟರಿ ಟರ್ಮಿನಲ್ ಕ್ಲೀನ್ ಮಾಡಿ ಗ್ರೀಸ್, ವೈಪರ್ ರಬ್ಬರ್ ಮತ್ತು ಗಾಜು ಒರೆಸುವುದು, ಗಾಜಿನ ಬುಡದಲ್ಲಿ ಸಿಕ್ಕ ಎಲೆ ಕಸ ತೆಗೆಯುವುದು.

ದುಡ್ಡು ಕೊಡಬೇಕಾದದ್ದು: ವೈಪರ್ ಬ್ಲೇಡ್, ಬಲ್ಬ್, ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಎಸಿ ಫಿಲ್ಟರ್, ಬ್ಯಾಟರಿ, ಟೈರ್, ವೀಲ್ ಅಲೈನ್‌ಮೆಂಟ್, ತಳಕ್ಕೆ ಕೋಟಿಂಗ್. ಬಲ್ಬ್ ಮತ್ತು ವೈಪರ್ ಹಾಕುವ ಕೂಲಿ ಇಲ್ಲ, ಸಾಮಾನಿನ ದುಡ್ಡು ಮಾತ್ರ. ಬೇರೆಯವಕ್ಕೆ ಕೂಲಿ ಇದೆ. ನೀವು ಹೂಂ ಅನ್ನುವ ತನಕ ಯಾವುದಕ್ಕೂ ಕೈ ಹಾಕುವುದಿಲ್ಲ. ತೆಗೆದ ಹಳೇ ಸಾಮಾನು ನಿಮ್ಮ ಕೈಗೇ ಕೊಡುತ್ತೇವೆ."

ಇಷ್ಟೇ. ಹೇಳಿ.

ಬಿಲ್ ನೋಡುವವಳು

ಚೆನ್ನಾಗಿದೆ ಸರ್, ಹಳೇ ಸಾಮಾನು ಕೈಗೆ ಕೊಡುತ್ತೇವೆ ಅಂತ ಬರೆದದ್ದು ತುಂಬಾ ಇಷ್ಟವಾಯಿತು. ಒಂದು ಪ್ರಶ್ನೆ. ನೋಡುವ ಹುಡುಗರಿಗೆ ಸಾಮಾನಿನ ಮೇಲೆ ಕಮಿಷನ್ ಇದೆಯಾ? ಯಾಕೆಂದರೆ ಹಿಂದೆ ನಾನು ಒಂದು ಕಡೆ ಇಂಥದ್ದೇ ಫ್ರೀ ಚೆಕಪ್‌ಗೆ ಹೋಗಿದ್ದೆ. ಅಲ್ಲಿ ಏಳು ತೊಂದರೆ ಬರೆದುಕೊಟ್ಟರು. ಅದೇ ವಾರ ಬೇರೆ ಕಡೆ ತೋರಿಸಿದಾಗ ಸಿಕ್ಕಿದ್ದು ಎರಡು. ಯಾರು ಸುಳ್ಳು ಹೇಳಿದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಮೊದಲಿನ ಕಡೆ ಪ್ರತಿ ಐಟಂ ಎದುರಿಗೆ "ಬದಲಿಸಬೇಕು" ಅಂತ ಮಾತ್ರ ಇತ್ತು. ಎಷ್ಟು ಸವೆದಿದೆ, ಎಷ್ಟು ಉಳಿದಿದೆ, ಒಂದೂ ಇರಲಿಲ್ಲ.

ಸ್ಪಾನರ್ ಅಣ್ಣ

ಕಮಿಷನ್ ಇಲ್ಲ ಮೇಡಂ. ಮೂವರಿಗೂ ತಿಂಗಳ ಸಂಬಳ. ಸಾಮಾನಿನಲ್ಲಿ ಲಾಭ ನನಗೆ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ, ಶಿಬಿರ ನಡೆಯುವುದೇ ಅದರಿಂದ. ನೀವು ಹೇಳಿದ ಅಳತೆ ವಿಷಯ ಮಾತ್ರ ನನಗೆ ಹೊಳೆದಿರಲಿಲ್ಲ. ಒಂದು ಕಾರ್ಡ್ ಮಾಡಿಸುತ್ತೇನೆ. ಪ್ಯಾಡ್ ಎಷ್ಟು ಮಿ.ಮೀ., ಟೈರ್ ಎಷ್ಟು ಮಿ.ಮೀ., ಬ್ಯಾಟರಿ ಎಷ್ಟು ವೋಲ್ಟ್ ಅಂತ ಬರೆದೇ ಕೊಡುತ್ತೇವೆ. ಆ ಕಾರ್ಡ್ ಹಿಡಿದು ನೀವು ಬೇರೆ ಗ್ಯಾರೇಜಿಗೆ ಹೋದರೂ ಸರಿ.

ಹಳೇ ಹ್ಯಾಚ್‌ಬ್ಯಾಕ್

"ನಾಲ್ಕೂ ಚಕ್ರ ಬಿಚ್ಚಿ ಬ್ರೇಕ್" ಅಂತ ಬರೆದಿದ್ದೀರಿ. ನನ್ನ ಕಾರಿನ ಹಿಂದೆ ಡಿಸ್ಕ್ ಇಲ್ಲ, ಡ್ರಮ್. ಚಕ್ರ ಬಿಚ್ಚಿದರೆ ಡ್ರಮ್ಮಿನ ಬೆನ್ನು ಕಾಣುತ್ತದೆ ಅಷ್ಟೇ, ಒಳಗಿನ ಶೂ ಕಾಣುವುದಿಲ್ಲ. ಡ್ರಮ್ ಎಳೆದು ನೋಡುತ್ತೀರಾ?

ಸ್ಪಾನರ್ ಅಣ್ಣ

ಒಳ್ಳೇ ಕಡೆ ಹಿಡಿದಿರಿ. ಒಂದೂವರೆ ಗಂಟೆಯಲ್ಲಿ ಡ್ರಮ್ ತೆಗೆಯಲು ಆಗುವುದಿಲ್ಲ. ಕೆಲವು ತುಕ್ಕು ಹಿಡಿದು ಕೂತಿರುತ್ತವೆ, ಎಳೆಯುವುದಕ್ಕೇ ಅರ್ಧ ಗಂಟೆ ಬೇಕು. ಹ್ಯಾಂಡ್‌ಬ್ರೇಕ್ ಎಷ್ಟು ಕ್ಲಿಕ್‌ಗೆ ಹಿಡಿಯುತ್ತದೆ, ಚಕ್ರದ ಒಳಮೈಯಲ್ಲಿ ಬ್ರೇಕ್ ಆಯಿಲ್ ಜಿನುಗಿದ ಗುರುತಿದೆಯಾ, ಇಷ್ಟು ನೋಡುತ್ತೇವೆ. ಹಾಗಾಗಿ ಸಾಲು ತಿದ್ದುತ್ತೇನೆ: "ಡಿಸ್ಕ್ ಇರುವ ಚಕ್ರಗಳಲ್ಲಿ ಪ್ಯಾಡ್ ಅಳೆಯುತ್ತೇವೆ. ಡ್ರಮ್ ಬಿಚ್ಚಿ ನೋಡುವುದು ಇದರಲ್ಲಿ ಸೇರಿಲ್ಲ, ಬೇಕಿದ್ದರೆ ಕೂಲಿ ಬೇರೆ."

ಎರಡು ಚಕ್ರ

ಬೈಕಿಗೂ ಇದೆಯಾ ಸರ್? ಚೈನ್ ತುಂಬಾ ಸದ್ದು ಮಾಡುತ್ತಿದೆ.

ಸ್ಪಾನರ್ ಅಣ್ಣ

ಇಲ್ಲ ತಮ್ಮ, ಕಾರು ಮಾತ್ರ. ಮಳೆಯಲ್ಲಿ ಓಡಿಸಿದ ದಿನ ಸಂಜೆ ಚೈನ್ ಒರೆಸಿ ಲ್ಯೂಬ್ ಹಾಕು. ಸದ್ದು ನಿಲ್ಲದಿದ್ದರೆ ಚೈನ್ ಸಡಿಲ ಇರಬಹುದು, ತೋರಿಸು.

ಹೈವೇ ಹುಡುಗ

ಮಳೆಗಾಲದಲ್ಲಿ ಗಾಳಿ ಸ್ವಲ್ಪ ಕಮ್ಮಿ ಇಟ್ಟರೆ ಗ್ರಿಪ್ ಜಾಸ್ತಿ. ಟೈರ್ ಅಗಲ ಕೂರುತ್ತದೆ ಅಲ್ವಾ. ಶಿಬಿರದಲ್ಲಿ ಎಲ್ಲರಿಗೂ 3-4 ಪಿಎಸ್‌ಐ ಇಳಿಸಿಕೊಡಿ, ಅದೂ ಒಂದು ಸೇವೆ.

ಟೈರ್ ಮಾಮ

ಬೇಡಪ್ಪ, ದಯವಿಟ್ಟು ಬೇಡ. ಕೆಸರಲ್ಲಿ, ಮರಳಲ್ಲಿ ಆ ಮಾತು ಸರಿ. ಡಾಂಬರು ರಸ್ತೆ ಮೇಲೆ ನೀರು ನಿಂತಾಗ ಉಲ್ಟಾ. ಟೈರ್ ನೀರನ್ನು ಪಕ್ಕಕ್ಕೆ ತಳ್ಳಿ ರಸ್ತೆ ಮುಟ್ಟಬೇಕು, ಅದಕ್ಕೆ ಒತ್ತಡ ಬೇಕು. ಗಾಳಿ ಕಮ್ಮಿಯಾದರೆ ಟೈರಿನ ನಡುಭಾಗ ಒಳಕ್ಕೆ ಬಗ್ಗುತ್ತದೆ, ನೀರು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಕಾರು ನೀರಿನ ಮೇಲೆ ತೇಲುವುದು ಬೇಗ ಶುರುವಾಗುತ್ತದೆ. ಡ್ರೈವರ್ ಬಾಗಿಲ ಪಕ್ಕ ಸ್ಟಿಕ್ಕರ್ ಇರುತ್ತದೆ, ಅದರಲ್ಲಿರುವಷ್ಟೇ ಇಡಿ. ಬೆಳಗ್ಗೆ ಟೈರ್ ತಣ್ಣಗಿರುವಾಗ ನೋಡಿಸಿ.

ಗ್ಯಾರೇಜ್ ಅಣ್ಣನಿಗೆ ಒಂದು ಮಾತು. ಟೈರ್ ಯಾವಾಗ ಬದಲಿಸಲು ಹೇಳುತ್ತೀರಿ ಅನ್ನುವುದನ್ನೂ ಪ್ರಕಟಣೆಯಲ್ಲಿ ಹಾಕಿ. ಗ್ರೂವ್ ಒಳಗೆ ಅಡ್ಡಕ್ಕೆ ಸಣ್ಣ ದಿಬ್ಬ ಇರುತ್ತದಲ್ಲ, ಅದರ ಎತ್ತರ 1.6 ಮಿ.ಮೀ. ರಬ್ಬರ್ ಸವೆದು ಅದರ ಸಮಕ್ಕೆ ಬಂದರೆ ಟೈರ್ ಕತೆ ಮುಗಿಯಿತು. ಆದರೆ ಮಳೆಗೆ 1.6 ತನಕ ಕಾಯಬಾರದು. 3 ಮಿ.ಮೀ. ಕೆಳಗೆ ಇಳಿದ ಟೈರ್ ಒಣ ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ, ನೀರಲ್ಲಿ ಬ್ರೇಕ್ ಹಾಕಿದಾಗ ಗೊತ್ತಾಗುತ್ತದೆ.

ಬಿಲ್ ನೋಡುವವಳು

ಹಾಗಾದರೆ 2.5 ಇದ್ದರೆ ಗ್ಯಾರೇಜಿನವರು "ಬದಲಿಸಿ" ಅಂದರೆ ಅದು ಮೋಸ ಅಲ್ಲ, ಅಲ್ವಾ? ನಾನು ಇಷ್ಟು ದಿನ ದಿಬ್ಬ ಮುಟ್ಟದಿದ್ದರೆ ಸುಮ್ನೆ ಹೆದರಿಸುತ್ತಿದ್ದಾರೆ ಅಂತ ತಿಳಿದಿದ್ದೆ.

ಟೈರ್ ಮಾಮ

ಮೋಸ ಅಲ್ಲ ಮೇಡಂ. ನೀವು ಮನೆ ಅಂಗಡಿ ಅಂತ ನಿಧಾನಕ್ಕೆ ಓಡಾಡುವವರಾದರೆ ಈ ಮಳೆಗಾಲ ದಾಟಿಸಬಹುದು, ಹೆದ್ದಾರಿಯಲ್ಲಿ ಹೋಗುವವರಾದರೆ ಬದಲಿಸಿ. ಇದನ್ನು ಅವರು ಕೇಳಿ ಹೇಳಬೇಕು. ಟೈರ್ ವಯಸ್ಸೂ ನೋಡಿ. ಪಕ್ಕದಲ್ಲಿ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ. 3219 ಅಂತಿದ್ದರೆ 2019ರ 32ನೇ ವಾರ ತಯಾರಾದದ್ದು. ಗ್ರೂವ್ ಎಷ್ಟೇ ಇರಲಿ, ಹಳೇ ಟೈರಿನ ರಬ್ಬರ್ ಗಟ್ಟಿಯಾಗಿ ನೀರಲ್ಲಿ ಜಾರುತ್ತದೆ.

ಎರಡೇ ಟೈರ್ ಹಾಕಿಸುವುದಾದರೆ ಹೊಸದನ್ನು ಹಿಂದಕ್ಕೆ ಹಾಕಿಸಿ.

ಹೈವೇ ಹುಡುಗ

ಗಾಳಿ ವಿಷಯ ಒಪ್ಪಿಕೊಂಡೆ ಮಾಮ. ಇದನ್ನು ಒಪ್ಪುವುದಿಲ್ಲ. ಎಂಜಿನ್ ಎಳೆಯುವುದು ಮುಂದಿನ ಚಕ್ರ, ತಿರುಗುವುದು ಮುಂದಿನ ಚಕ್ರ, ಬ್ರೇಕ್ ಜಾಸ್ತಿ ಬೀಳುವುದೂ ಮುಂದಿನದಕ್ಕೇ. ಒಳ್ಳೇ ಟೈರ್ ಹಿಂದೆ ಹಾಕಿ ಏನು ಮಾಡಲಿ?

ಟೈರ್ ಮಾಮ

ಮುಂದಿನದು ಜಾರಿದರೆ ಕಾರು ನೇರಕ್ಕೆ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಸ್ಟೀರಿಂಗ್ ಮತ್ತೆ ಕೈಗೆ ಬರುತ್ತದೆ. ತಿರುವಿನಲ್ಲಿ ಹಿಂದಿನದು ಜಾರಿದರೆ ಕಾರು ಬುಗುರಿ ಹಾಗೆ ತಿರುಗುತ್ತದೆ, ಅದನ್ನು ಹಿಡಿಯುವುದು ನಿನಗೂ ಕಷ್ಟ, ನನಗೂ ಕಷ್ಟ.

ಹೈವೇ ಹುಡುಗ

ಇರಬಹುದು. ನಾನು ನಾಲ್ಕೂ ಒಟ್ಟಿಗೆ ಬದಲಿಸುತ್ತೇನೆ, ಈ ಜಗಳವೇ ಇರುವುದಿಲ್ಲ.

ನೀಲಿ ಕೊಡೆ

ನನ್ನ ಕೇಸ್ ಕೇಳಿ ಸರ್. ಪ್ರಕಟಣೆಯಲ್ಲಿ "ನೀರು ಹರಿದು ಹೋಗುವ ದಾರಿಗಳು" ಅಂತ ಓದಿದ ಮೇಲೆ ಬರೆಯಲೇಬೇಕು ಅನ್ನಿಸಿತು.

ಹೋದ ಮಳೆಗಾಲದಲ್ಲಿ ಡ್ರೈವರ್ ಪಕ್ಕದ ಸೀಟಿನ ಕೆಳಗೆ ಮ್ಯಾಟ್ ಒದ್ದೆಯಾಗುತ್ತಿತ್ತು. ಮೊದಲು ಮಗಳ ನೀರಿನ ಬಾಟಲಿ ಚೆಲ್ಲಿದೆ ಅಂತ ಅವಳಿಗೆ ಬೈದೆ, ಪಾಪ. ಆಮೇಲೆ ಒಂದು ಗ್ಯಾರೇಜಿಗೆ ತೋರಿಸಿದೆ. ಬಾಗಿಲ ರಬ್ಬರ್ ಹೋಗಿದೆ ಅಂತ ಬದಲಿಸಿದರು. ಎರಡು ವಾರಕ್ಕೆ ಮತ್ತೆ ಒದ್ದೆ. ಗಾಜಿನ ಅಂಚಿಗೆ ಸಿಲಿಕೋನ್ ಹಚ್ಚಿದರು. ಮತ್ತೆ ಒದ್ದೆ. ಬಿಸಿಲು ಬಂದ ಮೇಲೆ ತಾನಾಗಿ ನಿಂತಿತು, ನಾನೂ ಮರೆತೆ. ಈಗ ಮತ್ತೆ ಮಳೆ ಬರುತ್ತಿದೆ, ಕಾರೊಳಗೆ ಒದ್ದೆ ಬಟ್ಟೆ ಬಿಟ್ಟ ಹಾಗೆ ವಾಸನೆ. ಇದು ನಿಮ್ಮ ಫ್ರೀ ಚೆಕಪ್‌ನಲ್ಲಿ ಸಿಗುತ್ತದಾ?

ಹಳೇ ಹ್ಯಾಚ್‌ಬ್ಯಾಕ್

ಎಸಿ ನೀರು ಅದು. ನೂರಕ್ಕೆ ನೂರು. ಎಸಿ ಪೈಪ್ ಕಟ್ಟಿದೆ, ನನಗೂ ಹೀಗೇ ಆಗಿತ್ತು. ಪೈಪಿಗೆ ತಂತಿ ಹಾಕಿದರೆ ಸಾಕು.

ಸ್ಪಾನರ್ ಅಣ್ಣ

ಎಸಿ ಇರಬಹುದು, ಇಲ್ಲದೆಯೂ ಇರಬಹುದು. ಮೂರು ಕಡೆಯಿಂದ ಆ ಜಾಗಕ್ಕೆ ನೀರು ಬರುತ್ತದೆ, ಸಾಮಾನು ಬದಲಿಸುವ ಮೊದಲು ಯಾವುದು ಅಂತ ಗೊತ್ತುಮಾಡಿಕೊಳ್ಳಬೇಕು. ನಿಮ್ಮ ಹಿಂದಿನ ಗ್ಯಾರೇಜಿನವರು ಆ ಹೆಜ್ಜೆಯನ್ನೇ ಬಿಟ್ಟಿದ್ದಾರೆ ಮೇಡಂ. ಕೆಲವು ಪ್ರಶ್ನೆಗೆ ಉತ್ತರ ಕೊಡಿ.

ಒದ್ದೆಯಾಗುತ್ತಿದ್ದದ್ದು ಮಳೆಯಲ್ಲಿ ನಿಲ್ಲಿಸಿದ ಮೇಲಾ, ಅಥವಾ ಒಣ ದಿನ ಎಸಿ ಹಾಕಿ ದೂರ ಹೋಗಿ ಬಂದ ಮೇಲಾ? ಎಸಿ ಓಡುವಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತದಾ? ಸೆಕೆ ಇರುವ ದಿನ ಎಸಿ ಹಾಕಿ ಹತ್ತು ನಿಮಿಷ ನಿಲ್ಲಿಸಿದರೆ ಕೆಳಗೆ ಸಣ್ಣ ಗುಂಡಿಯಷ್ಟು ನೀರಾಗಬೇಕು. ಆಗದಿದ್ದರೆ ಹ್ಯಾಚ್‌ಬ್ಯಾಕ್ ಸರ್ ಹೇಳಿದ್ದೇ ಸರಿ, ಪೈಪ್ ಕಟ್ಟಿ ನೀರು ಒಳಗೆ ಇಳಿಯುತ್ತಿದೆ. ನೀರು ಮುಟ್ಟಿದರೆ ಅಂಟಂಟಾಗಿದೆಯಾ, ಸಿಹಿ ವಾಸನೆ ಇದೆಯಾ, ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಿದೆಯಾ? ಹಾಗಿದ್ದರೆ ಅದು ಹೀಟರ್ ಕೋರ್, ಬೇರೆಯೇ ಕತೆ.

ಇನ್ನೊಂದು ಕೆಲಸ ನೀವೇ ಮಾಡಬಹುದು. ತುಂಬಾ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಎಸಿ ಫಿಲ್ಟರ್ ಇರುತ್ತದೆ. ಅದನ್ನು ಎಳೆದು ಕೆಳ ಅಂಚು ನೋಡಿ. ಒಂದು ಫೋಟೋ ಹಾಕಿ.

ನೀಲಿ ಕೊಡೆ

ಮಳೆಯಲ್ಲಿ ನಿಲ್ಲಿಸಿದ ಮೇಲೆ ಸರ್. ರಾತ್ರಿಯೆಲ್ಲ ಮಳೆ ಬಂದರೆ ಬೆಳಗ್ಗೆ ಮ್ಯಾಟ್ ಹಿಂಡುವ ಹಾಗೆ. ಎಸಿ ನೀರು ಕೆಳಗೆ ಬೀಳುತ್ತದೆ, ಇವತ್ತೂ ನೋಡಿದೆ. ಅಂಟೇನೂ ಇಲ್ಲ, ಕೂಲೆಂಟ್ ಗುರುತಿನಲ್ಲೇ ಇದೆ.

ಫಿಲ್ಟರ್ ತೆಗೆದೆ. ಮೇಲರ್ಧ ಬರೀ ಧೂಳು. ಕೆಳಗಿನ ಎರಡು ಬೆರಳಷ್ಟು ಭಾಗದಲ್ಲಿ ಕಂದು ಬಣ್ಣದ ನೀರಿನ ಗೆರೆ, ಕಾಗದ ಅಲೆ ಅಲೆಯಾಗಿ ಸೊಟ್ಟಗಾಗಿದೆ. ಮಡಿಕೆಯೊಳಗೆ ಸಣ್ಣ ಸಣ್ಣ ಎಲೆ ಚೂರು, ಒಂದು ಹೂವಿನ ಕೇಸರವೂ ಇದೆ. ಎಲೆ ಅಲ್ಲಿಗೆ ಹೇಗೆ ಹೋಯಿತು?

ಸ್ಪಾನರ್ ಅಣ್ಣ

ಆ ಎಲೆಯೇ ದಾರಿ ತೋರಿಸಿತು ಮೇಡಂ. ವೈಪರ್ ಕಡ್ಡಿಗಳ ಬುಡದಲ್ಲಿ ಕಪ್ಪು ಪ್ಲಾಸ್ಟಿಕ್ ಜಾಲರಿ ಇದೆಯಲ್ಲ, ಅದರ ಕೆಳಗೆ ಒಂದು ತೊಟ್ಟಿ ಇರುತ್ತದೆ. ಗಾಜಿನ ಮೇಲೆ ಬಿದ್ದ ಮಳೆಯೆಲ್ಲ ಅದಕ್ಕೆ ಇಳಿದು, ಎರಡೂ ಬದಿಯ ತೂತಿನಿಂದ ಮುಂದಿನ ಚಕ್ರದ ಹಿಂದೆ ನೆಲಕ್ಕೆ ಬೀಳಬೇಕು. ಕಾರೊಳಗೆ ಗಾಳಿ ಎಳೆದುಕೊಳ್ಳುವ ಬಾಯಿಯೂ ಅದೇ ತೊಟ್ಟಿಯಲ್ಲಿ, ಸ್ವಲ್ಪ ಎತ್ತರದಲ್ಲಿ ಇರುತ್ತದೆ. ಮರದ ಕೆಳಗೆ ನಿಲ್ಲಿಸುವ ಕಾರಿನಲ್ಲಿ ಎಲೆ ಕೊಳೆತು ತೂತು ಮುಚ್ಚಿಕೊಳ್ಳುತ್ತದೆ. ಸಣ್ಣ ಮಳೆಗೆ ಗೊತ್ತಾಗುವುದಿಲ್ಲ. ಜೋರು ಮಳೆಗೆ ತೊಟ್ಟಿ ತುಂಬಿ ನೀರು ಆ ಬಾಯಿಯಿಂದ ಬ್ಲೋವರ್‌ಗೆ, ಅಲ್ಲಿಂದ ಕಾಲಿನ ಜಾಗಕ್ಕೆ. ಬಾಗಿಲ ರಬ್ಬರಿಗೂ ಇದಕ್ಕೂ ಸಂಬಂಧವೇ ಇಲ್ಲ.

ಬಾನೆಟ್ ಎತ್ತಿ ಜಾಲರಿಯ ಅಂಚಿಂದ ಟಾರ್ಚ್ ಬಿಟ್ಟು ನೋಡಿ. ಒಂದು ಮಗ್ ನೀರು ನಿಧಾನಕ್ಕೆ ಗಾಜಿನ ಮೇಲೆ ಸುರಿಯಿರಿ. ಎರಡೂ ಚಕ್ರದ ಹಿಂದೆ ಕೂಡಲೇ ನೀರು ಬೀಳಬೇಕು. ಒಂದು ಕಡೆ ಬೀಳದಿದ್ದರೆ ಅಲ್ಲೇ ಕಸ.

ಬಿಲ್ ನೋಡುವವಳು

ಹಾಗಾದರೆ ಇದು ದುಡ್ಡಿಲ್ಲದೆ ಆಗುವ ಕೆಲಸ. ಇವರು ರಬ್ಬರಿಗೂ ಸಿಲಿಕೋನಿಗೂ ದುಡ್ಡು ಕೊಟ್ಟಾಯಿತು. ನನಗೆ ಸಿಟ್ಟೇ ಬರುತ್ತಿದೆ.

ಹಳೇ ಹ್ಯಾಚ್‌ಬ್ಯಾಕ್

ನನ್ನ ನೂರಕ್ಕೆ ನೂರು ವಾಪಸ್. ನನ್ನ ಕಾರಲ್ಲಿ ಎಸಿಯೇ ಆಗಿತ್ತು, ಅದಕ್ಕೆ ಹಾಗೆ ಬರೆದೆ.

ಗಾಜಿನ ಮೇಲ್ಛಾವಣಿ

ನನ್ನದು ಸನ್‌ರೂಫ್ ಇರುವ ಕಾರು, ಅದಕ್ಕೂ ನೀರಿನ ಪೈಪ್ ಇದೆಯಂತೆ. ಅದೂ ಚೆಕಪ್‌ನಲ್ಲಿ ಇದೆಯಾ? ಪ್ರೆಶರ್ ಗಾಳಿ ಹೊಡೆದರೆ ಕ್ಲೀನ್ ಆಗುತ್ತದೆ ಅಂತ ಒಬ್ಬರು ಹೇಳಿದರು, ಮನೆಯಲ್ಲಿ ಕಂಪ್ರೆಸರ್ ಇದೆ.

ಸ್ಪಾನರ್ ಅಣ್ಣ

ಗಾಳಿ ಹೊಡೆಯಬೇಡಿ ಸರ್! ಸಾಮಾನ್ಯವಾಗಿ ಮೂಲೆಗೊಂದರಂತೆ ಸಣ್ಣ ಪೈಪ್‌ಗಳು ಕಂಬದೊಳಗಿಂದ ಕೆಳಗೆ ಇಳಿಯುತ್ತವೆ. ಜೋರು ಗಾಳಿಗೆ ಜಾಯಿಂಟ್ ಕಳಚಿಕೊಂಡರೆ ಆಮೇಲೆ ಮಳೆ ನೀರು ನೇರ ಸೀಲಿಂಗ್ ಬಟ್ಟೆಯೊಳಗೆ. ರೂಫ್ ತೆರೆದು ಮುಂದಿನ ಮೂಲೆಯ ಕಾಲುವೆಗೆ ಒಂದು ಲೋಟ ನೀರು ಬಿಡಿ. ಸರಾಗ ಇಳಿದು ಕೆಳಗೆ ಬಿದ್ದರೆ ಏನೂ ಮಾಡುವುದು ಬೇಡ. ನಿಂತರೆ ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ನೈಲಾನ್ ದಾರ ಇರುತ್ತದಲ್ಲ, ಅದನ್ನು ಮೆಲ್ಲಗೆ ಬಿಟ್ಟು ತಿರುಗಿಸಿ. ಲೋಟದ ನೀರಿನ ಪರೀಕ್ಷೆ ಶಿಬಿರದಲ್ಲಿ ಫ್ರೀ ಅಂತ ಸೇರಿಸುತ್ತೇನೆ.

ನಿಧಾನಗಾಮಿ

ಕೋಟಿಂಗ್ ಬಗ್ಗೆ ಯಾರೂ ಮಾತಾಡಲಿಲ್ಲ. ದುಡ್ಡಿನ ಪಟ್ಟಿಯಲ್ಲಿ ಕೊನೆಗೆ "ತಳಕ್ಕೆ ಕೋಟಿಂಗ್" ಅಂತ ಸೇರಿಸಿದ್ದೀರಿ. ಪ್ಯಾಡ್, ಬಲ್ಬ್ ಸವೆಯುವ ಸಾಮಾನು, ಬದಲಿಸಲೇಬೇಕು. ಕೋಟಿಂಗ್ ಹಾಗಲ್ಲ. ನಾನು ಎಂಟು ವರ್ಷದ ಕಾರಿಗೆ ಮಳೆಗಾಲಕ್ಕೆ ಮುಂಚೆ ಹೊಡೆಸಿದ್ದೆ. ನೀರಲ್ಲಿ ತೊಳೆದು, ಅದೇ ದಿನ ಸಂಜೆ ಕಪ್ಪಗೆ ಹೊಡೆದು ಕೊಟ್ಟರು. ಎರಡು ವರ್ಷ ಕಳೆದು ಲಿಫ್ಟ್ ಮೇಲೆ ನೋಡಿದಾಗ ಸ್ಕ್ರೂಡ್ರೈವರ್ ತುದಿಯಲ್ಲಿ ಕುಟ್ಟಿದ ಕಡೆ ಕೋಟಿಂಗ್ ಹಪ್ಪಳದ ಹಾಗೆ ಎದ್ದು ಬಂತು. ಕೆಳಗೆ ಕೆಂಪು ತುಕ್ಕಿನ ಪುಡಿ. ಕೋಟಿಂಗ್ ಇಲ್ಲದಿದ್ದರೆ ತುಕ್ಕು ಕಣ್ಣಿಗಾದರೂ ಬೀಳುತ್ತಿತ್ತು.

ಹೈವೇ ಹುಡುಗ

ನನ್ನ ಕಾರಿಗೆ ಹೊಸದರಲ್ಲೇ ಹೊಡೆಸಿದ್ದೆ, ಏನೂ ಆಗಿಲ್ಲ. ಕಲ್ಲು ಹೊಡೆತಕ್ಕೆ ಒಳ್ಳೆಯದು. ಸದ್ದೂ ಕಮ್ಮಿ.

ನಿಧಾನಗಾಮಿ

ಹೊಸದಕ್ಕೆ ಸರಿ, ಶುದ್ಧ ಒಣ ಲೋಹದ ಮೇಲೆ ಹೊಡೆದಿದ್ದಾರೆ. ನಾನು ಹೇಳುತ್ತಿರುವುದು ಹಳೇ ಕಾರಿನ ಕತೆ.

ಸ್ಪಾನರ್ ಅಣ್ಣ

ನಿಧಾನಗಾಮಿ ಸರ್, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೆಲಸ ಸರಿಯಾಗಿ ಮಾಡಬೇಕಾದರೆ ಮೊದಲು ತೊಳೆದು ಪೂರ್ತಿ ಒಣಗಿಸಬೇಕು, ತುಕ್ಕು ಇದ್ದ ಕಡೆ ಬ್ರಷ್ ಹಾಕಿ ತೆಗೆದು ಪ್ರೈಮರ್ ಹೊಡೆಯಬೇಕು. ಬಾಗಿಲ ಕೆಳಗಿನ ಪಟ್ಟಿಯ ನೀರಿನ ತೂತುಗಳಿಗೆ, ಸೈಲೆನ್ಸರ್‌ಗೆ, ಬ್ರೇಕಿಗೆ ತಾಗದ ಹಾಗೆ ಟೇಪ್ ಕಟ್ಟಬೇಕು. ಒಂದೂವರೆ ಗಂಟೆಯಲ್ಲಿ ಇದು ಆಗುವ ಮಾತಲ್ಲ. ಶಿಬಿರದ ಗಡಿಬಿಡಿಯಲ್ಲಿ ಮಾಡಿದರೆ ನಾನೂ ಅದೇ ತಪ್ಪು ಮಾಡಿದ ಹಾಗೆ. ಪಟ್ಟಿಯಿಂದ ಕೋಟಿಂಗ್ ತೆಗೆದಿದ್ದೇನೆ. ಬೇಕಾದವರು ಬೇರೆ ದಿನ ಕಾರು ಬಿಟ್ಟು ಹೋಗಲಿ.

ಹೈವೇ ಹುಡುಗ

ಅಣ್ಣ, ನಿಮಗೆ ಲಾಭ ಬರುವ ಐಟಂ ಅದು.

ಸ್ಪಾನರ್ ಅಣ್ಣ

ಹೌದು ತಮ್ಮ. ಆದರೂ ತೆಗೆದಿದ್ದೇನೆ.

ಕಿಟಕಿ ಮಂಜು

ವೈಪರ್ ಬಗ್ಗೆ ಕೇಳಲಾ? ಪ್ರತಿ ವರ್ಷ ಎರಡೂ ಬ್ಲೇಡ್ ಬದಲಿಸಿ ಅನ್ನುತ್ತಾರೆ. ನಿಜಕ್ಕೂ ಬೇಕಾ? ಹೊಸದು ಹಾಕಿದ ಮೇಲೂ ನನ್ನದು ಕಟ ಕಟ ಅಂತ ಕುಣಿಯುತ್ತದೆ.

ಸ್ಪಾನರ್ ಅಣ್ಣ

ಹೊಸದು ಹಾಕಿಯೂ ಕುಣಿದರೆ ತಪ್ಪು ಬ್ಲೇಡಿನದಲ್ಲ, ಹೆಚ್ಚಾಗಿ ಗಾಜಿನದು. ಕಾರ್ ತೊಳೆಯುವ ಕಡೆ ಪಾಲಿಶ್ ಹಾಕಿದಾಗ ಅದರ ಜಿಡ್ಡು ಗಾಜಿನ ಮೇಲೆ ಕೂತಿರುತ್ತದೆ. ಗಾಜನ್ನು ಚೆನ್ನಾಗಿ ತೊಳೆದು ಜಿಡ್ಡು ತೆಗೆದ ಮೇಲೂ ಕುಣಿದರೆ ಕಡ್ಡಿ ಸೊಟ್ಟಗಾಗಿದೆ ಅಂತ ಅರ್ಥ, ರಬ್ಬರ್ ಗಾಜಿಗೆ ನೆಟ್ಟಗೆ ನಿಲ್ಲುತ್ತಿಲ್ಲ, ಅದನ್ನು ಸರಿಮಾಡಬೇಕು.

ಹಳೇ ಬ್ಲೇಡ್ ಬದಲಿಸಬೇಕಾ ಅಂತ ತಿಳಿಯಲು ಒದ್ದೆ ಬಟ್ಟೆ ಹಿಡಿದು ರಬ್ಬರಿನ ಅಂಚನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಒರೆಸಿ, ಕಪ್ಪು ಬರುವುದು ನಿಲ್ಲುವ ತನಕ. ಆಮೇಲೆ ಉಗುರಿನಿಂದ ಸವರಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ರಬ್ಬರ್ ಹರಿದಿದೆ, ಗಾಜಿನ ಮೇಲೆ ಬರುವ ಒಂದೇ ಗೆರೆ ಅದರದ್ದೇ. ಹರಿದಿಲ್ಲ, ಒರೆಸಿದ ಮೇಲೆ ಗೆರೆಯೂ ಹೋಯಿತು ಅಂದರೆ ಬದಲಿಸಬೇಡಿ, ನಾವೂ ಹಾಗೇ ಹೇಳುತ್ತೇವೆ. ಕಡ್ಡಿ ಎತ್ತಿದಾಗ ಕೆಳಗೆ ಟವೆಲ್ ಇಡಿ. ಬ್ಲೇಡ್ ಇಲ್ಲದ ಕಡ್ಡಿ ಸ್ಪ್ರಿಂಗ್ ಹೊಡೆತಕ್ಕೆ ಬಿದ್ದರೆ ಗಾಜೇ ಸೀಳುತ್ತದೆ.

ಕಿಟಕಿ ಮಂಜು

ಒಳಗೆ ಮಂಜು ಕಟ್ಟುವುದಕ್ಕೆ?

ಟೈರ್ ಮಾಮ

ಎಸಿ ಹಾಕಿ, ಹೊರಗಿನ ಗಾಳಿ ಬರುವ ಹಾಗೆ ಇಟ್ಟು ಗಾಜಿಗೆ ತಿರುಗಿಸಿ. ಒಳಗಿನ ಗಾಳಿಯನ್ನೇ ಸುತ್ತಿಸುತ್ತಾ ಕೂತರೆ ಉಸಿರಿನ ತೇವ ಹೊರಗೆ ಹೋಗುವುದಿಲ್ಲ. ಕಾರ್ಪೆಟ್ ಒದ್ದೆ ಇದ್ದರೂ ಮಂಜು ಜಾಸ್ತಿ.

ಬೆಳಗಿನ ಪಾಳಿ

ಎಂಜಿನ್ ಆಯಿಲ್ ಪಟ್ಟಿಯಲ್ಲೇ ಇಲ್ಲ. ಮಳೆಗಾಲಕ್ಕೆ ಮುಂಚೆ ಆಯಿಲ್ ಬದಲಿಸಬೇಕಲ್ಲ, ಹೇಗೆ ಮರೆತಿರಿ?

ಸ್ಪಾನರ್ ಅಣ್ಣ

ಮರೆತಿದ್ದಲ್ಲ. ಎಂಜಿನ್ ಆಯಿಲ್ ಕಿಲೋಮೀಟರ್ ಮತ್ತು ತಿಂಗಳ ಲೆಕ್ಕಕ್ಕೆ ಬದಲಿಸುವುದು, ಮಳೆಗೂ ಅದಕ್ಕೂ ಲೆಕ್ಕ ಇಲ್ಲ. ನಿಮ್ಮ ಅವಧಿ ಬಂದಿದ್ದರೆ ಮಾಡಿಸಿ. ಮಳೆ ಅಂತ ಮುಂಚೆಯೇ ಮಾಡಿಸುವುದು ಬೇಡ.

ಬ್ರೇಕ್ ಆಯಿಲ್ ಬೇರೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಆಯಿಲ್ ಹೊಸದರಲ್ಲಿ ಕನಿಷ್ಠ 230 ಡಿಗ್ರಿಗೆ ಕುದಿಯಬೇಕು, ತೇವ ಹೀರಿದ ಮೇಲೆ ಅದರ ಮಿತಿ 155. ಘಟ್ಟ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ಎರಡು ವರ್ಷ ಆಗಿದ್ದರೆ ಬದಲಿಸಲು ಹೇಳುತ್ತೇವೆ. ಯಾವಾಗ ಬದಲಿಸಿದ್ದು ಅಂತ ಬಿಲ್ ಇದ್ದರೆ ತನ್ನಿ, ಇಲ್ಲದಿದ್ದರೆ ತೇವ ಅಳೆಯುವ ಪೆನ್ ಹಾಕಿ ನಿಮ್ಮೆದುರೇ ನೋಡುತ್ತೇವೆ.

ನಿಧಾನಗಾಮಿ

ಆ ಪೆನ್ ಅಷ್ಟು ನಂಬುವ ಹಾಗಿಲ್ಲ ಅಣ್ಣ. ಡಬ್ಬಿಯ ಆಯಿಲ್ ಅಳೆಯುತ್ತದೆ. ಕಾಯುವುದು ಚಕ್ರದ ಹತ್ತಿರದ ಆಯಿಲ್.

ಸ್ಪಾನರ್ ಅಣ್ಣ

ಅದು ನಿಜ. ಪೆನ್ ಕೆಂಪು ತೋರಿಸಿದರೆ ಬದಲಿಸುವುದು ಖಚಿತ, ಹಸಿರು ತೋರಿಸಿದರೆ ಎಲ್ಲ ಸರಿ ಅಂತ ಹೇಳಲಾರೆ. ಕಾರ್ಡಿನಲ್ಲಿ ಹಾಗೇ ಬರೆಯುತ್ತೇನೆ.

ನೀಲಿ ಕೊಡೆ

ಬೆಳಗ್ಗೆ ಬಾನೆಟ್ ಎತ್ತಿದೆವು, ನಾನು ಮತ್ತು ಮಗಳು. ಮಗ್ ನೀರು ಸುರಿದರೆ ಡ್ರೈವರ್ ಕಡೆ ಚಕ್ರದ ಹಿಂದೆ ಸರ್ರಂತ ಬಿತ್ತು. ಪಕ್ಕದ ಸೀಟಿನ ಕಡೆ ಒಂದು ಹನಿ ಇಲ್ಲ! ಟಾರ್ಚ್ ಬಿಟ್ಟರೆ ಒಳಗೆ ಕಪ್ಪು ನೀರು ನಿಂತದ್ದು ಕಾಣಿಸಿತು. ನನ್ನ ಕೈ ಹೋಗಲಿಲ್ಲ, ಮಗಳ ಕೈ ಹೋಯಿತು. ಮೂರು ಹಿಡಿ ಕೊಳೆತ ಎಲೆ ತೆಗೆದಳು, ಕಾಫಿ ಗಸಿಯ ಹಾಗೆ ಮೆತ್ತಗೆ. ಕೊನೆಯ ಹಿಡಿ ಬಂದಾಗ ಗುಳುಗುಳು ಅಂತ ಸದ್ದಾಗಿ ನೀರು ಕೆಳಗೆ ಇಳಿಯಿತು. ಬಾಟಲಿಗೆ ಬೈದದ್ದಕ್ಕೆ ಅವಳ ಹತ್ತಿರ ಸಾರಿ ಕೇಳಿದೆ.

ಆದರೆ ಮ್ಯಾಟ್ ಕೆಳಗಿನ ಕಾರ್ಪೆಟ್ ಒತ್ತಿದರೆ ಇನ್ನೂ ನೀರು ಬರುತ್ತಿದೆ. ವಾಸನೆಯೂ ಹಾಗೇ ಇದೆ.

ಸ್ಪಾನರ್ ಅಣ್ಣ

ಸಂತೋಷವಾಯಿತು ಮೇಡಂ. ಕಾರ್ಪೆಟ್ ಕೆಳಗೆ ದಪ್ಪ ಫೋಮ್ ಇರುತ್ತದೆ, ಮೇಲೆ ಒಣಗಿದರೂ ಅದು ವಾರಗಟ್ಟಲೆ ಒಣಗುವುದಿಲ್ಲ. ಕೆಲವು ಕಾರುಗಳಲ್ಲಿ ವೈರಿಂಗ್ ಜಾಯಿಂಟ್ ಅಲ್ಲೇ ಕೆಳಗೆ ಹೋಗುತ್ತದೆ, ಹಾಗಾಗಿ ಬಿಡಬೇಡಿ. ಬಾಗಿಲ ಬುಡದ ಪ್ಲಾಸ್ಟಿಕ್ ಪಟ್ಟಿ ತೆಗೆದು ಕಾರ್ಪೆಟ್ ಎತ್ತಿ, ಕೆಳಗೆ ಮರದ ತುಂಡಿಟ್ಟು ಫ್ಯಾನ್ ಹಾಕಿ. ಇದನ್ನು ನಮ್ಮಲ್ಲಿ ಮಾಡಿಸಿದರೆ ಕೂಲಿ ಆಗುತ್ತದೆ. ಸೀಟು ಬಿಚ್ಚಬೇಕಾದರೆ ಅರ್ಧ ದಿನದ ಕೆಲಸ, ಫ್ರೀ ಅಂತ ಹೇಳಲಾರೆ.

ಎಲ್ಲರ ಮಾತು ಸೇರಿಸಿ ಪ್ರಕಟಣೆಗೆ ಇದನ್ನು ಹಾಕಿದೆ: "ನೀರು ಸೋರುವ ದೂರು ಇದ್ದರೆ ಮಗ್ ನೀರಿನ ಪರೀಕ್ಷೆ, ಎಲೆ ಕಸ ತೆಗೆಯುವುದು ಫ್ರೀ. ಅಲ್ಲಿಗೂ ಸಿಗದಿದ್ದರೆ ಪೈಪ್ ಹಿಡಿದು ಕೆಳಗಿಂದ ಮೇಲಕ್ಕೆ ಒಂದೊಂದೇ ಜಾಗ ನೋಡಬೇಕು, ಒಬ್ಬರು ಒಳಗೆ ಕೂರಬೇಕು, ಒಂದು ಗಂಟೆ ಮೇಲಾಗುತ್ತದೆ, ಅದಕ್ಕೆ ಕೂಲಿ ಇದೆ. ಎಲ್ಲಿಂದ ಸೋರುತ್ತಿದೆ ಅಂತ ಕಣ್ಣಾರೆ ತೋರಿಸದೆ ರಬ್ಬರ್ ಬದಲಿಸುವುದಿಲ್ಲ."

ಬಿಲ್ ನೋಡುವವಳು

ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ ಸರ್. ಎರಡನೇ ದಿನ ಬೆಳಗ್ಗೆ ನನಗೆ ಒಂದು ಸಮಯ ಬರೆದುಕೊಳ್ಳಿ. ಟೈರ್ 2.5 ಮಿ.ಮೀ. ಇದೆ ಅಂತ ಅನುಮಾನ, ನಿಮ್ಮ ಗೇಜಿನಲ್ಲಿ ನೋಡೋಣ.

ನೀಲಿ ಕೊಡೆ

ರಾತ್ರಿ ಜೋರು ಮಳೆ ಬಂತು. ಕಾರ್ಪೆಟ್ ಎತ್ತಿ ಕೆಳಗೆ ಹಳೇ ಪೇಪರ್ ಹಾಸಿದ್ದೆ. ಬೆಳಗ್ಗೆ ಮುಂದಿನ ಪೇಪರ್ ಒಣಗಿಯೇ ಇದೆ. ಬಾಗಿಲ ಕಡೆಯ ಅಂಚಿನಲ್ಲಿ ಮಾತ್ರ ಅಂಗೈ ಅಗಲ ಒದ್ದೆ. ಇದು ಫೋಮ್‌ನಿಂದ ಇಳಿದದ್ದಾ, ಬೇರೆ ಕಡೆಯಿಂದಲೂ ಬರುತ್ತಿದೆಯಾ?

ಸ್ಪಾನರ್ ಅಣ್ಣ

ಬಾಗಿಲು ತೆರೆದು ಮುಚ್ಚುವಾಗ ಒಳಗೆ ನೀರು ಕುಲುಕಿದ ಸದ್ದು ಬರುತ್ತದಾ ಕೇಳಿ. ಬಂದರೆ ಬಾಗಿಲ ತಳದ ತೂತೂ ಕಟ್ಟಿದೆ. ಬರದಿದ್ದರೆ ಇನ್ನೊಂದು ರಾತ್ರಿ ಹೊಸ ಪೇಪರ್ ಹಾಸಿ ನೋಡಿ.